ಗೊರಕೆಯ ನಡುವಣ ಮೌನ: ನಿದ್ರಾರೇಖೆಯನ್ನು ಓದುವ ಬಗೆ

ಗೊರಕೆಯೆಂಬುದು ನಮ್ಮ ಮಲೆನಾಡಿನ ಮನೆಗಳಲ್ಲಿ ಬಹುಕಾಲದಿಂದ ನಗೆಯ ವಿಷಯವಾಗಿಯೇ ನಡೆದುಬಂದಿದೆ. ಯಜಮಾನರ ಗೊರಕೆಗೆ ಅಡಕೆಯ ಅಟ್ಟ ಅದುರಿತೆಂದು ನೆಂಟರು ಹಾಸ್ಯಮಾಡುವುದುಂಟು. ಗೊರಕೆ ಹೊಡೆಯುವವನೇ ಸುಖನಿದ್ರೆ ಮಾಡುವವನೆಂದು ಹಿರಿಯರು ಹೇಳುವುದೂ ಉಂಟು. ಆದರೆ ಗೃಹಸ್ಥರು ಗಮನಿಸತಕ್ಕದ್ದು ಗೊರಕೆಯ ಸದ್ದನ್ನಲ್ಲ, ಸದ್ದಿನ ನಡುವೆ ಬೀಳುವ ಮೌನವನ್ನು. ಜೋರಾಗಿ ಸಾಗುತ್ತಿದ್ದ ಗೊರಕೆ ಒಮ್ಮೆಗೇ ನಿಂತು, ಹತ್ತು ಇಪ್ಪತ್ತು ಎಣಿಸುವಷ್ಟು ಹೊತ್ತು ಕೋಣೆ ನಿಶ್ಶಬ್ದವಾಗಿ, ಅನಂತರ ಕಟ್ಟಿದ ಉಸಿರು ಸಿಡಿದಂತೆ ದೊಡ್ಡದೊಂದು ಸದ್ದಿನೊಡನೆ ಮತ್ತೆ ಆರಂಭವಾದರೆ, ಆ ಮಧ್ಯಕಾಲದಲ್ಲಿ ಮಲಗಿದವರ ಗಂಟಲು ಮುಚ್ಚಿಹೋಗಿತ್ತೆಂದೇ ತಿಳಿಯಬೇಕು. ನಿದ್ರೆಯಲ್ಲಿ ನಾಲಗೆಯ ಬುಡವೂ ಮೃದುತಾಲುವೂ ಸಡಿಲಿ ಹಿಂದಕ್ಕೆ ಬಿದ್ದು ಗಾಳಿಯ ದಾರಿಯನ್ನು ಅಡ್ಡಗಟ್ಟುವ ಈ ವ್ಯಾಧಿಯನ್ನು ವೈದ್ಯರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಉಸಿರುಕಟ್ಟು ರೋಗವೆಂದು ಕರೆಯೋಣ.

ಈ ತಿಂಗಳು ಇದೇ ವಿಷಯವನ್ನು ಕೈಗೆತ್ತಿಕೊಳ್ಳಲು ಕಾರಣವಾದದ್ದು ಕಳಸದ ಕಡೆಯ ಕಾಫಿ ತೋಟವೊಂದರಿಂದ ಬಂದ ಪತ್ರ. ಬರೆದವರು ತೋಟದ ರೈಟರರ ಪತ್ನಿ. “ನಮ್ಮ ಯಜಮಾನರಿಗೆ ಐವತ್ತೆರಡು ವಯಸ್ಸು. ಮಸ್ಟರಿನ ಲೆಕ್ಕ ಬರೆಯುತ್ತಲೇ ತೂಕಡಿಸುತ್ತಾರೆ. ಕಳಸದಿಂದ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆಗೆ ವಾರಕ್ಕೆ ಎರಡು ಸಲ ಜೀಪು ಓಡಿಸಬೇಕು. ಹೋದ ತಿಂಗಳು ತಿರುವಿನಲ್ಲಿ ಕಣ್ಣು ಮುಚ್ಚಿ ಜೀಪು ಚರಂಡಿಗೆ ಇಳಿಯಿತು. ಮನೆಯಲ್ಲೇ ಒಂದು ರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ಮಾಡಿದ ಪರೀಕ್ಷೆಯಲ್ಲಿ ಘಂಟೆಗೆ 12, ಅಲ್ಪ ಎಂದು ಬಂತು. ಎರಡು ತಿಂಗಳ ಮೇಲೆ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಮಲಗಿಸಿ ಮಾಡಿದ್ದರಲ್ಲಿ ಘಂಟೆಗೆ 20, ಮಧ್ಯಮ ಎಂದಿದೆ. ರೋಗ ಬೆಳೆಯಿತೆ, ಯಂತ್ರ ತಪ್ಪಿತೆ? ಮೊದಲನೆಯದೇ ಸರಿಯೆಂದು ಅವರು ಜೀಪಿನ ಕೀಲಿಯನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದಾರೆ. ದಯವಿಟ್ಟು ತಿಳಿಸಿ” ಎಂದು ಅವರು ಬರೆದು, ಎರಡು ವರದಿಗಳ ನಕಲನ್ನೂ ಕಳುಹಿಸಿದ್ದಾರೆ. ಹೆಸರು ಮತ್ತು ತೋಟದ ಗುರುತನ್ನು ಬಿಟ್ಟು, ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ, ಆ ವರದಿಗಳನ್ನೇ ನಮ್ಮ ವಾಚಕರೊಡನೆ ಕುಳಿತು ಓದುತ್ತೇವೆ. ಪ್ರಶ್ನೆ ಒಂದೇ: ಒಂದೇ ದೇಹಕ್ಕೆ ಎರಡು ಅಂಕಿ ಬರುವುದು ಹೇಗೆ?

ಮೊದಲು ಆಸ್ಪತ್ರೆಯ ರಾತ್ರಿ ನಡೆಯುವುದೇನೆಂಬುದನ್ನು ತಿಳಿಯಬೇಕು. ನೆತ್ತಿಗೂ ಕಣ್ಣಿನ ಬದಿಗೂ ಗದ್ದಕ್ಕೂ ಸಣ್ಣ ತಂತಿಗಳನ್ನು ಅಂಟಿಸುತ್ತಾರೆ. ಮಿದುಳಿನ ಅಲೆ, ಕಣ್ಣಾಲಿಯ ಚಲನೆ, ಸ್ನಾಯುವಿನ ಬಿಗಿ ಇವುಗಳಿಂದ ಬರೆಹಕ್ಕೆ ಬರುತ್ತವೆ. ಮೂಗಿನ ಕೆಳಗೆ ಗಾಳಿಯ ಹರಿವನ್ನು ಅಳೆಯುವ ನಳಿಕೆ, ಎದೆಗೊಂದು ಹೊಟ್ಟೆಗೊಂದು ಪಟ್ಟಿ, ಬೆರಳಿಗೆ ಆಮ್ಲಜನಕದ ಮಾಪಕ. ಈ ಕೊನೆಯದು 2020ರ ಸಾಂಕ್ರಾಮಿಕದ ದಿನಗಳಿಂದ ಅನೇಕ ಮನೆಗಳಿಗೆ ಪರಿಚಿತವಾದ ವಸ್ತುವೇ. ಮಲಗಿದವರು ಅಂಗಾತವಾಗಿದ್ದಾರೆಯೇ ಮಗ್ಗುಲಾಗಿದ್ದಾರೆಯೇ ಎಂಬುದನ್ನೂ ಒಂದು ಗುಂಡಿ ಗುರುತಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನವನಿದ್ರೆಯ ಸಂಶೋಧನೆಗೆಂದೇ ಪ್ರಯೋಗಾಲಯವಿದೆ. ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಿಗೂ ನಮ್ಮ ಘಟ್ಟದ ಜನ ಇಳಿದು ಹೋಗುವುದುಂಟು. ಎಲ್ಲಿ ಮಾಡಿಸಿದರೂ ಬರೆಹದ ಕ್ರಮ ಒಂದೇ.

ಬೆಳಗಾದ ಮೇಲೆ, ತರಬೇತಿ ಪಡೆದವರು ಆ ರಾತ್ರಿಯನ್ನು ಮೂವತ್ತು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡಿಗೂ ಒಂದು ಹೆಸರು ಕೊಡುತ್ತಾರೆ: ಎಚ್ಚರ, ಹಗುರ ನಿದ್ರೆ, ಮಧ್ಯನಿದ್ರೆ, ಗಾಢನಿದ್ರೆ, ಕನಸಿನ ನಿದ್ರೆ. ನಡುವಿನ ಮೂರನ್ನು ವರದಿಯಲ್ಲಿ ಎನ್-1, ಎನ್-2, ಎನ್-3 ಎಂದು ಬರೆದಿರುತ್ತಾರೆ. ಕನಸಿನ ನಿದ್ರೆಗೆ ಆರ್ ಎಂಬ ಗುರುತು. ಕಣ್ಣಾಲಿಗಳು ರೆಪ್ಪೆಯೊಳಗೆ ವೇಗವಾಗಿ ಹೊರಳಾಡುವ ಈ ಕೊನೆಯ ಬಗೆಯ ನಿದ್ರೆಯನ್ನು 1953ರಲ್ಲಿ ಷಿಕಾಗೋ ನಗರದ ಆಸೆರಿನ್ಸ್‌ಕಿ ಮತ್ತು ಕ್ಲೈಟ್‌ಮನ್ ಎಂಬ ವಿದ್ವಾಂಸರು ಲೋಕಕ್ಕೆ ತಿಳಿಸಿದರು. ಹೆಸರಿಟ್ಟ ತುಂಡುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಮೆಟ್ಟಿಲುಮೆಟ್ಟಿಲಾದ ಒಂದು ರೇಖೆ ಬರುತ್ತದೆ. ಅದೇ ಹಿಪ್ನೋಗ್ರಾಂ, ಎಂದರೆ ನಿದ್ರಾರೇಖೆ. ಅಡ್ಡಕ್ಕೆ ಘಂಟೆಗಳು, ನಿಲುವಿಗೆ ನಿದ್ರೆಯ ಹಂತಗಳು, ಮೇಲ್ಗಡೆ ಎಚ್ಚರ, ಅದರ ಕೆಳಗೆ ಕನಸಿನ ನಿದ್ರೆ, ಅಲ್ಲಿಂದ ಕೆಳಕ್ಕೆ ಎನ್-1, ಎನ್-2, ತಳದಲ್ಲಿ ಎನ್-3.

ಆರೋಗ್ಯವಂತರ ರೇಖೆಯನ್ನು ನೋಡಿದರೆ ಅದಕ್ಕೊಂದು ಲಯವುಂಟು. ಮಲಗಿದ ಮೇಲೆ ರೇಖೆ ಸಾವಕಾಶವಾಗಿ ತಳಕ್ಕಿಳಿದು ಸ್ವಲ್ಪ ಕಾಲ ಅಲ್ಲಿಯೇ ನೆಲೆಸುತ್ತದೆ. ಸುಮಾರು ಒಂದೂವರೆ ಘಂಟೆಗೊಮ್ಮೆ ಮೇಲಕ್ಕೆ ಬಂದು ಕನಸಿನ ಪಟ್ಟಿಯನ್ನು ಮುಟ್ಟಿ ಮತ್ತೆ ಇಳಿಯುತ್ತದೆ. ಗಾಢನಿದ್ರೆ ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು. ಕನಸಿನ ನಿದ್ರೆ ಬೆಳಗಿನ ಜಾವಕ್ಕೆ ಹೆಚ್ಚು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಮುಂದೆ ಇದರಿಂದ ನಮಗೆ ದೊಡ್ಡ ಪ್ರಯೋಜನವಿದೆ.

ಈಗ ರೈಟರರ ರೇಖೆಯನ್ನು ನೋಡೋಣ. ರಾತ್ರಿ ಹತ್ತೂವರೆಗೆ ದೀಪ ಆರಿಸಿದ್ದಾರೆ. ಬೆಳಿಗ್ಗೆ ಐದೂವರೆಗೆ ತಂತಿ ಬಿಚ್ಚಿದ್ದಾರೆ. ಬರೆಹ ನಡೆದದ್ದು ಏಳು ಘಂಟೆ. ಆದರೆ ನಿದ್ರಿಸಿದ್ದು ಏಳು ಘಂಟೆಯಲ್ಲ. ನಿದ್ರೆ ಹತ್ತಲು ಹತ್ತು ನಿಮಿಷ. ಒಂದೂವರೆಯ ಸುಮಾರಿಗೆ ಎಚ್ಚರವಾಗಿ ಎಪ್ಪತ್ತು ನಿಮಿಷ ಹೊರಳಾಡಿದ್ದು. ಅಲ್ಲಲ್ಲಿ ಬಿಡಿಬಿಡಿಯಾಗಿ ಎಚ್ಚತ್ತದ್ದು ಒಟ್ಟು ನಲವತ್ತು ನಿಮಿಷ. ಹೀಗೆ ಎರಡು ಘಂಟೆ ಕಳೆದು, ಉಳಿದ ನಿಜವಾದ ನಿದ್ರೆ ಐದು ಘಂಟೆ, ಎಂದರೆ ಮುನ್ನೂರು ನಿಮಿಷ. ಅದರಲ್ಲಿ ಗಾಢನಿದ್ರೆ ಇಪ್ಪತ್ತು ನಿಮಿಷ ಮಾತ್ರ. ಕನಸಿನ ನಿದ್ರೆ ಒಟ್ಟು ಅರವತ್ತು ನಿಮಿಷ, ಮೂರು ತುಂಡುಗಳಾಗಿ: ನಡುರಾತ್ರಿಯ ಹೊತ್ತಿಗೆ ಹತ್ತು, ಮೂರೂಕಾಲರ ಮೇಲೆ ಇಪ್ಪತ್ತು, ಐದರಿಂದ ಐದೂವರೆಯವರೆಗೆ ಮೂವತ್ತು. ರೇಖೆ ತಳದಲ್ಲಿ ನೆಲೆಸುವ ಬದಲು, ಇಳಿಯುವುದೂ ಒಡನೆಯೇ ಮೇಲಕ್ಕೆ ಚಿಮ್ಮುವುದೂ ಆಗಿ, ಗರಗಸದ ಹಲ್ಲಿನಂತೆ ಕಾಣುತ್ತದೆ. ನಿದ್ರೆಯನ್ನು ಯಾವುದೋ ಪದೇ ಪದೇ ತಟ್ಟಿ ಎಬ್ಬಿಸುತ್ತಿದೆಯೆಂಬುದಕ್ಕೆ ಇದು ಗುರುತು. ಏನು ತಟ್ಟುತ್ತಿದೆಯೆಂಬುದನ್ನು ಮಾತ್ರ ಈ ರೇಖೆ ಹೇಳಲಾರದು. ಅದಕ್ಕಾಗಿ ಅದರ ಕೆಳಗಿನ ಸಾಲುಗಳಿಗೆ ಇಳಿಯಬೇಕು.

ನಿದ್ರಾರೇಖೆಯ ಕೆಳಗೆ, ಅದೇ ಘಂಟೆಗಳಿಗೆ ಸರಿಹೊಂದುವಂತೆ, ಉಸಿರಿನ ಘಟನೆಗಳನ್ನು ಸಣ್ಣ ಗೀಟುಗಳಾಗಿ ಗುರುತಿಸಿರುತ್ತಾರೆ. ಇವು ಎರಡು ಬಗೆ. ಗಾಳಿಯ ಹರಿವು ನೂರಕ್ಕೆ ತೊಂಬತ್ತು ಪಾಲು ಅಥವಾ ಅದಕ್ಕೂ ಹೆಚ್ಚಾಗಿ ಇಳಿದು ಹತ್ತು ಸೆಕೆಂಡಾದರೂ ಹಾಗೆಯೇ ಇದ್ದರೆ ಅದು ನಿಲುಗಡೆ. ಹರಿವು ಪೂರ್ಣ ನಿಲ್ಲದೆ, ನೂರಕ್ಕೆ ಮೂವತ್ತು ಪಾಲಾದರೂ ಕುಗ್ಗಿ, ಹತ್ತು ಸೆಕೆಂಡಾದರೂ ಮುಂದುವರಿದು, ಅದರ ಫಲವಾಗಿ ರಕ್ತದ ಆಮ್ಲಜನಕ ಮೂರು ಅಂಶ ಇಳಿದರೆ, ಇಲ್ಲವೇ ಮಿದುಳಿನ ಅಲೆಯಲ್ಲಿ ಕ್ಷಣಿಕವಾದ ಎಚ್ಚರ ಕಂಡರೆ, ಅದು ಕುಗ್ಗುಸಿರು. ಈ ‘ಇಲ್ಲವೇ’ ಎಂಬ ಚಿಕ್ಕ ಮಾತಿನಲ್ಲಿ ಪತ್ರ ಬರೆದ ತಾಯಿಯವರ ಪ್ರಶ್ನೆಗೆ ಅರ್ಧ ಉತ್ತರ ಅಡಗಿದೆ.

ನಿಲುಗಡೆ ಗಂಟಲು ಮುಚ್ಚಿದ್ದರಿಂದಲೋ, ಅಥವಾ ಉಸಿರಾಡೆಂಬ ಆಜ್ಞೆಯೇ ಮಿದುಳಿನಿಂದ ಬಾರದ್ದರಿಂದಲೋ ಎಂಬುದನ್ನು ಎದೆ ಹೊಟ್ಟೆಗಳ ಪಟ್ಟಿಗಳು ಹೇಳುತ್ತವೆ. ಮೂಗಿನಲ್ಲಿ ಗಾಳಿಯಿಲ್ಲದಿದ್ದರೂ ಎದೆಯೂ ಹೊಟ್ಟೆಯೂ ಏಳುತ್ತ ಬೀಳುತ್ತ ಹೋರಾಡುತ್ತಿದ್ದರೆ ದಾರಿ ಮುಚ್ಚಿದೆ. ಎಲ್ಲವೂ ಒಟ್ಟಿಗೆ ನಿಶ್ಚಲವಾಗಿದ್ದರೆ ಆಜ್ಞೆಯೇ ಬಂದಿಲ್ಲ. ಮೊದಲು ನಿಶ್ಚಲವಾಗಿದ್ದು ಕೊನೆಗೆ ಹೋರಾಟ ಕಂಡರೆ ಮಿಶ್ರ. ರೈಟರರಿಗೆ ಒಟ್ಟು 34 ನಿಲುಗಡೆಗಳಲ್ಲಿ 30 ಮೊದಲನೆಯ ಬಗೆಯವು, 3 ಮಿಶ್ರ, 1 ಮಾತ್ರ ಆಜ್ಞೆ ತಪ್ಪಿದ್ದು. ಆದಕಾರಣ ರೋಗ ಗಂಟಲಿನದೆಂಬುದರಲ್ಲಿ ಸಂಶಯವಿಲ್ಲ. ಆಜ್ಞೆ ತಪ್ಪಿದವೇ ಹೆಚ್ಚಾಗಿದ್ದರೆ ಹೃದಯವನ್ನೋ ಮಿದುಳನ್ನೋ ಪರೀಕ್ಷಿಸುವ ಬೇರೆಯ ಹಾದಿಯನ್ನೇ ವೈದ್ಯರು ಹಿಡಿಯಬೇಕಾಗುತ್ತಿತ್ತು.

ವರದಿಯನ್ನು ಮೊದಲ ಸಲ ನೋಡುವವರನ್ನು ಕಾಡುವ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಆಮ್ಲಜನಕದ ರೇಖೆಯ ಹಳ್ಳವು ನಿಲುಗಡೆಯ ಗೀಟಿನ ನೇರ ಕೆಳಗೆ ಇರುವುದಿಲ್ಲ. ಸ್ವಲ್ಪ ಬಲಕ್ಕೆ, ಉಸಿರು ಮತ್ತೆ ಆರಂಭವಾದ ಮೇಲೆ ಕಾಣುತ್ತದೆ. ಇದು ಯಂತ್ರದ ದೋಷವಲ್ಲ. ಶ್ವಾಸಕೋಶದಲ್ಲಿ ಆಮ್ಲಜನಕ ಕಡಿಮೆಯಾದ ರಕ್ತವು ಹೃದಯವನ್ನು ಹಾದು ಬೆರಳ ತುದಿಗೆ ಬಂದು ಮುಟ್ಟಲು ಹಲವು ಸೆಕೆಂಡು ಹಿಡಿಯುತ್ತದೆ. ಆದಕಾರಣ ಮನೆಯವರು ಬೆರಳಮಾಪಕವನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕುಳಿತು ‘ಗೊರಕೆ ನಿಂತಾಗ ಅಂಕಿ ಚೆನ್ನಾಗಿಯೇ ಇದೆಯಲ್ಲ’ ಎಂದು ಸಮಾಧಾನಪಡುವುದು ಸರಿಯಲ್ಲ. ಅಂಕಿ ಇಳಿಯುವುದು ಅನಂತರ.

ಇನ್ನು ಲೆಕ್ಕಕ್ಕೆ ಬರೋಣ. ಆಸ್ಪತ್ರೆಯ ರಾತ್ರಿಯಲ್ಲಿ ನಿಲುಗಡೆ 34, ಕುಗ್ಗುಸಿರು 66, ಒಟ್ಟು 100. ಇದನ್ನು ನಿದ್ರಿಸಿದ ಐದು ಘಂಟೆಗಳಿಂದ ಭಾಗಿಸಿದರೆ ಘಂಟೆಗೆ 20. ವರದಿಯಲ್ಲಿ ಎ.ಎಚ್.ಐ. ಎಂದು ಕಾಣುವ ಅಂಕಿ ಇದೇ. ಘಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ವಯಸ್ಕರಲ್ಲಿ ಅದನ್ನು ರೋಗವೆಂದು ಎಣಿಸುವುದಿಲ್ಲ. 5ರಿಂದ 15ರೊಳಗೆ ಅಲ್ಪ. 15ರಿಂದ 30ರೊಳಗೆ ಮಧ್ಯಮ. 30 ಮತ್ತು ಅದಕ್ಕೆ ಮೇಲ್ಪಟ್ಟು ತೀವ್ರ. ಅಮೆರಿಕದ ನಿದ್ರಾವೈದ್ಯರ ಮಂಡಲಿಯೊಂದು 1999ರಲ್ಲಿ ಪ್ರಕಟಿಸಿದ ಈ ಮೇರೆಗಳೇ ಈಗಲೂ ಬಳಕೆಯಲ್ಲಿವೆ. ಮಕ್ಕಳಿಗೆ ಈ ಮೇರೆಗಳು ಸಲ್ಲವೆಂಬುದನ್ನು ಮರೆಯಬಾರದು. ಅವರ ವಿಷಯದಲ್ಲಿ ಘಂಟೆಗೆ ಒಂದೆರಡೂ ಗಮನಿಸತಕ್ಕದ್ದೇ.

ಮನೆಯ ಪರೀಕ್ಷೆಯಲ್ಲಿ ಬಂದ 12 ಹಾಗಾದರೆ ಸುಳ್ಳೆ? ಸುಳ್ಳಲ್ಲ. ಆ ಚಿಕ್ಕ ಪೆಟ್ಟಿಗೆಗೆ ನೆತ್ತಿಯ ತಂತಿಗಳಿಲ್ಲ. ಮಿದುಳಿನ ಅಲೆ ಅದಕ್ಕೆ ಕಾಣದು. ಇದರಿಂದ ಎರಡು ಪರಿಣಾಮಗಳು. ಮೊದಲನೆಯದು, ಮಲಗಿದವರು ಯಾವಾಗ ನಿದ್ರಿಸಿದರು ಯಾವಾಗ ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದರು ಎಂಬುದು ಅದಕ್ಕೆ ತಿಳಿಯದು. ಆದಕಾರಣ ಅದು ಬರೆಹ ನಡೆದ ಕಾಲದಿಂದಲೇ ಭಾಗಿಸುತ್ತದೆ. ಎಚ್ಚರವಾಗಿದ್ದಾಗ ಗಂಟಲು ಮುಚ್ಚುವುದಿಲ್ಲವಷ್ಟೆ. ಆ ಎಚ್ಚರದ ಘಂಟೆಗಳೂ ಭಾಜಕಕ್ಕೆ ಸೇರಿ ಅಂಕಿಯನ್ನು ಇಳಿಸುತ್ತವೆ. ಎರಡನೆಯದು, ಆಮ್ಲಜನಕ ಇಳಿಯದೆ ಕೇವಲ ಕ್ಷಣಿಕ ಎಚ್ಚರದಲ್ಲಿ ಮುಗಿದ ಕುಗ್ಗುಸಿರುಗಳನ್ನು ಅದು ಎಣಿಸಲಾರದು.

ಆಸ್ಪತ್ರೆಯ ರಾತ್ರಿಯನ್ನೇ ಆ ಪೆಟ್ಟಿಗೆಯ ಕಣ್ಣಿನಿಂದ ಒಮ್ಮೆ ನೋಡೋಣ. 66 ಕುಗ್ಗುಸಿರುಗಳಲ್ಲಿ 14 ಎಚ್ಚರದಿಂದ ಮಾತ್ರ ಗುರುತಿಸಲ್ಪಟ್ಟವೆಂದು ವರದಿಯಲ್ಲಿದೆ. ಅವನ್ನು ಕಳೆದರೆ ಒಟ್ಟು 86. ಅದನ್ನು ಏಳರಿಂದ ಭಾಗಿಸಿದರೆ ಘಂಟೆಗೆ 12ಕ್ಕೆ ಸ್ವಲ್ಪ ಮೇಲೆ. ಮನೆಯ ಪೆಟ್ಟಿಗೆ ಎರಡು ತಿಂಗಳ ಹಿಂದೆ ಏಳು ಘಂಟೆಯಲ್ಲಿ ಎಣಿಸಿದ್ದು 84, ಘಂಟೆಗೆ 12. ಎರಡೂ ಒಂದೇ ಆಯಿತಲ್ಲವೆ! ರೋಗವೂ ಬೆಳೆದಿಲ್ಲ, ಯಂತ್ರವೂ ತಪ್ಪಿಲ್ಲ. ಒಂದೇ ಕಾಫಿಯ ರಾಶಿಯನ್ನು ಒಬ್ಬರು ಹಣ್ಣಾಗಿ ತೂಗಿ, ಇನ್ನೊಬ್ಬರು ಒಣಗಿಸಿ ತೂಗಿದಂತೆ ಅಷ್ಟೆ. ಅಂಕಿಯನ್ನು ಹೋಲಿಸುವ ಮೊದಲು ಯಾವುದನ್ನು ತೂಗಿದ್ದೆಂದು ಕೇಳಬೇಕು. ಮನೆಯ ಪೆಟ್ಟಿಗೆ ತೀವ್ರವೆಂದು ಹೇಳಿದರೆ ಬಹುಮಟ್ಟಿಗೆ ನಂಬಬಹುದು; ಆದರೆ ಹಗಲು ತೂಕಡಿಕೆಯೂ ರಾತ್ರಿ ಉಸಿರುಕಟ್ಟುವಿಕೆಯೂ ಕಣ್ಣಿಗೆ ಕಾಣುತ್ತಿರುವವರಲ್ಲಿ ಅದು ‘ಇಲ್ಲ’ ಎಂದರೆ ಅಷ್ಟಕ್ಕೆ ಬಿಡದೆ ಆಸ್ಪತ್ರೆಯ ಪರೀಕ್ಷೆ ಮಾಡಿಸತಕ್ಕದ್ದು.

ಆದರೆ 20 ಎಂಬುದೂ ಪೂರ್ಣ ಸತ್ಯವಲ್ಲ. ಅದು ಸರಾಸರಿ. ಚಾರ್ಮಾಡಿಯಲ್ಲಿ ಸುರಿದ ಮಳೆಯನ್ನೂ ಕಡೂರಿನಲ್ಲಿ ಬಿದ್ದ ಮಳೆಯನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿಯಿಂದ ಚಾರ್ಮಾಡಿಯ ರಸ್ತೆ ಕುಸಿದೀತೆ ಎಂಬುದು ತಿಳಿಯುವುದೆ? ಹಾಗೆಯೇ ಘಟನೆಗಳ ಗೀಟುಗಳು ರಾತ್ರಿಯ ಯಾವ ಭಾಗದಲ್ಲಿ ದಟ್ಟವಾಗಿವೆಯೆಂದು ನೋಡಬೇಕು. ಇಲ್ಲಿಯೇ ನಿದ್ರಾರೇಖೆಯ ಉಪಯೋಗ. ರೈಟರರ 100 ಘಟನೆಗಳಲ್ಲಿ 45 ಕನಸಿನ ನಿದ್ರೆಯ ಅರವತ್ತು ನಿಮಿಷಗಳಲ್ಲಿಯೇ ಬಿದ್ದಿವೆ. ಉಳಿದ ನಾಲ್ಕು ಘಂಟೆಗಳ ನಿದ್ರೆಗೆ 55, ಎಂದರೆ ಘಂಟೆಗೆ ಸುಮಾರು 14. ಹಾಗಾದರೆ ಅವರು ಕನಸಿಲ್ಲದ ನಿದ್ರೆಯಲ್ಲಿ ಅಲ್ಪರೋಗಿ, ಕನಸಿನಲ್ಲಿ ಘಂಟೆಗೆ 45ರ ತೀವ್ರರೋಗಿ. ಕಾರಣ ಸ್ಪಷ್ಟ. ಕನಸಿನ ನಿದ್ರೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ನಾಲಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯುವೂ ಕೈಬಿಡುತ್ತದೆ. ಮುಚ್ಚಿದ ಗಂಟಲು ತೆರೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಮ್ಲಜನಕ ಹೆಚ್ಚು ಆಳಕ್ಕೆ ಇಳಿಯುತ್ತದೆ. ಮಲಗುವಾಗ 95 ಇದ್ದ ರೈಟರರ ಅಂಕಿ ರಾತ್ರಿಯಲ್ಲೆಲ್ಲ ಅತ್ಯಂತ ಕೆಳಗಿಳಿದು 74ನ್ನು ಮುಟ್ಟಿದ್ದು ಐದು ಘಂಟೆಯಿಂದ ಐದೂವರೆಯೊಳಗೆ, ಕೊನೆಯ ಕನಸಿನ ತುಂಡಿನಲ್ಲಿ. ಆ ಮೂವತ್ತು ನಿಮಿಷಗಳಲ್ಲಿ 30 ಘಟನೆಗಳು, ನಿಮಿಷಕ್ಕೊಂದು.

ಒಂದು ಕ್ಷಣ ಯೋಚಿಸಿರಿ. ವಾರ್ಡಿನ ಕೆಲಸ ಆರಂಭವಾಗಬೇಕೆಂದು ಐದು ಘಂಟೆಗೇ ಅವರನ್ನು ಎಬ್ಬಿಸಿ ತಂತಿ ಬಿಚ್ಚಿದ್ದರೆ ಏನಾಗುತ್ತಿತ್ತು? ಘಟನೆಗಳು 70, ನಿದ್ರೆ ನಾಲ್ಕೂವರೆ ಘಂಟೆ, ಭಾಗಿಸಿದರೆ ಘಂಟೆಗೆ 15ಕ್ಕೆ ತುಸು ಮೇಲೆ. ಮಧ್ಯಮದ ಹೊಸ್ತಿಲ ಮೇಲೆ ನಿಂತ ಅಂಕಿ. 74ರ ಆಳವಂತೂ ಕಾಗದಕ್ಕೆ ಬರುತ್ತಲೇ ಇರಲಿಲ್ಲ. ಆದಕಾರಣ ‘ಅಲ್ಪ’ವೆಂಬ ವರದಿ ಕೈಗೆ ಬಂದಾಗ ಗೃಹಸ್ಥರು ಕೇಳತಕ್ಕ ಪ್ರಶ್ನೆ, ಆ ರಾತ್ರಿ ಕನಸಿನ ನಿದ್ರೆ ಎಷ್ಟು ನಿಮಿಷ ಬಂದಿತ್ತು ಎಂಬುದು. ಹೊಸ ಜಾಗ, ಮೈತುಂಬ ತಂತಿ. ಮೊದಲ ರಾತ್ರಿ ಆ ನಿದ್ರೆ ಸರಿಯಾಗಿ ಬಾರದಿರುವುದು ಸಾಮಾನ್ಯ. ಅದು ಬಂದೇ ಇಲ್ಲದ ರಾತ್ರಿಯಲ್ಲಿ ಅಲ್ಪವೆಂದು ಬಂದ ಅಂಕಿಯನ್ನು ಕೊನೆಯ ಮಾತೆಂದು ತಿಳಿಯಬಾರದು. ಹಾಗೆಯೇ, ಮನೆಯಲ್ಲಿ ಸಂಜೆ ಮದ್ಯ ತೆಗೆದುಕೊಳ್ಳುವ ರೂಢಿಯುಳ್ಳವರು ಪರೀಕ್ಷೆಯ ರಾತ್ರಿ ಮಾತ್ರ ಬಿಟ್ಟಿದ್ದರೆ, ಮನೆಯ ರಾತ್ರಿಗಳು ಕಾಗದದ ಮೇಲಿನ ರಾತ್ರಿಗಿಂತ ಕೆಟ್ಟದಾಗಿರುವ ಸಂಭವವುಂಟು. ಮದ್ಯವು ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತದೆ. ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳುವುದು ಮೇಲು.

ಮಲಗುವ ಭಂಗಿಯ ಸಾಲನ್ನೂ ಓದಬೇಕು. ರೈಟರರು ಅಂಗಾತ ಮಲಗಿ ನಿದ್ರಿಸಿದ್ದು ಎರಡು ಘಂಟೆ. ಆಗ ಘಟನೆಗಳು 76, ಘಂಟೆಗೆ 38. ಮಗ್ಗುಲಾಗಿ ಮೂರು ಘಂಟೆ. ಆಗ 24, ಘಂಟೆಗೆ 8. ಇದನ್ನು ಓದಿದೊಡನೆ, ಬೆನ್ನಿಗೆ ದಿಂಬು ಕಟ್ಟಿ ಮಗ್ಗುಲಾಗಿಯೇ ಮಲಗಿಸಿದರೆ ಸಾಕಲ್ಲವೆ ಎಂದು ಯಾರಿಗಾದರೂ ತೋರೀತು. ಕೆಲವರಿಗೆ ಅದು ನಿಜವಾಗಿಯೂ ಸಾಕಾಗುತ್ತದೆ. ಆದರೆ ಈ ವರದಿಯಿಂದ ಹಾಗೆ ಹೇಳಲಾಗದು. ಕನಸಿನ ನಿದ್ರೆಯ ಕೊನೆಯ ಎರಡು ತುಂಡುಗಳೂ ಅಂಗಾತವಾಗಿ ಮಲಗಿದ್ದಾಗಲೇ ಬಂದಿವೆ. ಮಗ್ಗುಲಾಗಿದ್ದಾಗ ಬಂದದ್ದು ಮೊದಲಿನ ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷಗಳಲ್ಲಿ ನಾಲ್ಕು ಘಟನೆ. ಅಷ್ಟು ಸ್ವಲ್ಪ ಕಾಲದಿಂದ ಘಂಟೆಯ ಲೆಕ್ಕ ಕಟ್ಟುವುದು ಒಂದು ಗಿಡದ ಹಣ್ಣೆಣಿಸಿ ತೋಟದ ಫಸಲು ಹೇಳಿದಂತೆ. ಆದಕಾರಣ ‘ಮಗ್ಗುಲಲ್ಲಿ 8’ ಎಂಬ ಅಂಕಿಯ ಹಿಂದೆ, ಮಗ್ಗುಲಾಗಿ ಕನಸು ಕಾಣುವಾಗ ಏನಾಗುತ್ತದೆಂಬ ಪ್ರಶ್ನೆ ಉತ್ತರವಿಲ್ಲದೆ ನಿಂತಿದೆ.

ಕೊನೆಯದಾಗಿ, ಅಲ್ಪ ಮಧ್ಯಮ ತೀವ್ರವೆಂಬ ದರ್ಜೆಯು ಉಸಿರು ಎಷ್ಟು ಸಲ ಕಟ್ಟಿತೆಂಬುದನ್ನು ಹೇಳುತ್ತದೆಯೇ ಹೊರತು, ಆ ಮನುಷ್ಯ ಹಗಲಿನಲ್ಲಿ ಎಷ್ಟು ತೂಕಡಿಸುತ್ತಾನೆಂಬುದನ್ನಲ್ಲ. ಹತ್ತು ಸೆಕೆಂಡಿನ ನಿಲುಗಡೆಯೂ ಒಂದೇ, ನಲವತ್ತು ಸೆಕೆಂಡಿನದೂ ಒಂದೇ. ಲೆಕ್ಕಕ್ಕೆ ಎರಡೂ ಒಂದೊಂದು ಗೀಟು. ಘಂಟೆಗೆ 40 ಇದ್ದು ಹಗಲು ಚುರುಕಾಗಿರುವವರುಂಟು. 10 ಇದ್ದು ಊಟದ ಎಲೆಯ ಮುಂದೆಯೇ ಕಣ್ಣು ಮುಚ್ಚುವವರುಂಟು. ತೂಕಡಿಕೆಯನ್ನು ಅಳೆಯಲು ಎಂಟು ಪ್ರಶ್ನೆಗಳ ಎಪ್‌ವರ್ತ್ ಪಟ್ಟಿಯೊಂದಿದೆ. ಆಸ್ಟ್ರೇಲಿಯದ ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ರಚಿಸಿದ್ದು. ಕುಳಿತು ಓದುವಾಗ, ಪ್ರಯಾಣಿಕನಾಗಿ ಗಾಡಿಯಲ್ಲಿ ಹೋಗುವಾಗ, ಮಧ್ಯಾಹ್ನದ ಊಟದ ಮೇಲೆ, ಇಂಥ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಂಭವಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸಬೇಕು. ಒಟ್ಟು 24ರಲ್ಲಿ 10ಕ್ಕೆ ಮೇಲ್ಪಟ್ಟರೆ ಹೆಚ್ಚಿನ ತೂಕಡಿಕೆ. ರೈಟರರದು 15 ಎಂದು ವರದಿಯ ಮೊದಲ ಪುಟದಲ್ಲಿಯೇ ಇದೆ. ಅದೂ ರೋಗಿಯೇ ಕೊಟ್ಟುಕೊಳ್ಳುವ ಅಂಕ. ಕೆಲಸ ಹೋದೀತೆಂಬ ಭಯದಿಂದ ಕಡಿಮೆ ಹೇಳುವವರೇ ಹೆಚ್ಚು. ಅದಕ್ಕಿಂತ ದೊಡ್ಡ ಸಾಕ್ಷಿಯೆಂದರೆ ಚರಂಡಿಗೆ ಇಳಿದ ಜೀಪು.

ಆದಕಾರಣ ಪತ್ರ ಬರೆದ ತಾಯಿಯವರಿಗೆ ನಾವು ಹೇಳತಕ್ಕದ್ದಿಷ್ಟು. ವರದಿಯ ಪ್ರಕಾರ ರೋಗ ಮಧ್ಯಮ, ಬೆಳಗಿನ ಜಾವದಲ್ಲಿ ತೀವ್ರ, ತೂಕಡಿಕೆ ಉಂಟು, ಚಾಲಕಚಕ್ರದ ಹಿಂದೆ ಒಮ್ಮೆ ನಿದ್ರೆ ಬಂದೂ ಆಗಿದೆ. ಚಿಕಿತ್ಸೆ ಆರಂಭವಾಗಿ, ತೂಕಡಿಕೆ ಹೋಗಿದೆಯೆಂದು ವೈದ್ಯರು ಒಪ್ಪುವವರೆಗೆ ಯಜಮಾನರು ಜೀಪನ್ನು ಮುಟ್ಟಬಾರದು. ಕಿಟಕಿ ತೆರೆದುಕೊಂಡು ಓಡಿಸುತ್ತೇನೆ, ಕಾಫಿ ಕುಡಿದು ಹೊರಡುತ್ತೇನೆ ಎಂಬ ಮಾತುಗಳಿಗೆ ಮನೆಯವರು ಒಪ್ಪಕೂಡದು. ಪಲ್ಪರಿನ ಯಂತ್ರದ ಬಳಿಯ ಕೆಲಸಕ್ಕೂ ಇದೇ ನಿಯಮ. ನಿದ್ರೆಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಸೂಚಿಸುವುದು, ಮೂಗಿನ ಮುಸುಕಿನ ಮೂಲಕ ಒತ್ತಡದ ಗಾಳಿಯನ್ನು ಕಳುಹಿಸಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಇದರ ಪ್ರಯೋಗವನ್ನು ಪ್ರಕಟಿಸಿದರು. ಒತ್ತಡ ಎಷ್ಟಿರಬೇಕೆಂಬುದನ್ನು ನಿರ್ಧರಿಸುವಾಗಲೂ ಅಂಗಾತವಾಗಿ ಕನಸಿನ ನಿದ್ರೆಯಲ್ಲಿರುವ ಹೊತ್ತನ್ನೇ ಪರೀಕ್ಷೆಗೆ ತೆಗೆದುಕೊಳ್ಳಬೇಕು. ಅಲ್ಲಿ ಗೆದ್ದ ಒತ್ತಡ ಉಳಿದ ರಾತ್ರಿಗೂ ಸಾಲುತ್ತದೆ. ನಮ್ಮ ಮಲೆನಾಡಿಗೆ ವಿಶೇಷವಾಗಿ ಹೇಳಬೇಕಾದದ್ದೊಂದುಂಟು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತಿಲ್ಲದಿರುವುದು ನಮಗೆ ಹೊಸದಲ್ಲ; ಯಂತ್ರ ನಿಂತ ರಾತ್ರಿ ರೋಗ ಹಿಂದಿನಂತೆಯೇ ಮರಳುತ್ತದೆ. ಯಂತ್ರವನ್ನು ಕೊಳ್ಳುವಾಗಲೇ ಅದಕ್ಕೆ ಹೊಂದುವ ಬ್ಯಾಟರಿಯ ಏರ್ಪಾಡನ್ನೂ ವಿಚಾರಿಸುವುದು ಒಳ್ಳೆಯದು. ಅಂಥ ರಾತ್ರಿ ಬ್ಯಾಟರಿಯೂ ಕೈಕೊಟ್ಟರೆ ಮಗ್ಗುಲಾಗಿ ಮಲಗಿ, ಮರುದಿನ ಪ್ರಯಾಣವನ್ನು ಬೇರೆಯವರಿಗೆ ಒಪ್ಪಿಸತಕ್ಕದ್ದು. ತೂಕ ಹೆಚ್ಚಿದ್ದರೆ ಇಳಿಸಿದಷ್ಟೂ ಗಂಟಲಿನ ದಾರಿ ಅಗಲವಾಗುತ್ತದೆ. ಗಣನೀಯವಾಗಿ ಇಳಿದ ಮೇಲೆ ಹೊಸದಾಗಿ ಪರೀಕ್ಷೆ ಮಾಡಿಸಿ ದರ್ಜೆಯನ್ನು ಮತ್ತೆ ನೋಡಬೇಕು.

ಇಂಥ ವರದಿ ಯಾರ ಮನೆಗೆ ಬಂದರೂ ಓದುವ ಕ್ರಮ ಒಂದೇ. ಮೊದಲು ಭಾಜಕವನ್ನು ನೋಡಿರಿ, ನಿದ್ರಿಸಿದ ಘಂಟೆಯೋ ಬರೆದ ಘಂಟೆಯೋ. ಅನಂತರ ನಿದ್ರಾರೇಖೆಯಲ್ಲಿ ಕನಸಿನ ಪಟ್ಟಿ ಎಷ್ಟು ಉದ್ದವಿದೆ, ಅದರ ಕೆಳಗೆ ಗೀಟುಗಳು ಎಷ್ಟು ದಟ್ಟವಾಗಿವೆ ಎಂದು ನೋಡಿರಿ. ಬಳಿಕ ಭಂಗಿ, ಆಮ್ಲಜನಕದ ಅತಿ ಕೆಳಗಿನ ಅಂಕಿ. ದರ್ಜೆಯ ಮಾತನ್ನು ಎಲ್ಲಕ್ಕೂ ಕಡೆಯಲ್ಲಿ ಓದಿರಿ. ಪರೀಕ್ಷೆಗೆ ಹೋಗುವ ಮೊದಲು, ರಾತ್ರಿಯ ಯಾವ ಹೊತ್ತಿನಲ್ಲಿ ಗೊರಕೆ ನಿಂತು ಮೌನ ಬೀಳುತ್ತದೆಂಬುದನ್ನು ಮನೆಯವರು ಒಂದು ವಾರ ಗುರುತುಹಾಕಿಕೊಂಡು ವೈದ್ಯರಿಗೆ ಒಪ್ಪಿಸಿದರೆ ಬಹಳ ಉಪಕಾರವಾಗುತ್ತದೆ. ಬೆಳಗಿನ ಜಾವಕ್ಕೆ ಹೆಚ್ಚೆಂದು ಅದರಲ್ಲಿದ್ದರೆ, ಐದು ಘಂಟೆಗೆ ತಂತಿ ಬಿಚ್ಚಬೇಡಿರೆಂದು ಮೊದಲೇ ಕೇಳಿಕೊಳ್ಳಬಹುದು.